ಕೆರೆಯ ಮೇಲೆ ಹಾದುಹೋದ ಗೆರೆ

ಎಲ್ಲರಿಗೂ ನಮಸ್ಕಾರ. ಇಂದಿನ ಮಾತನ್ನು ಒಂದು ಗೆರೆಯಿಂದಲೇ ಆರಂಭಿಸುತ್ತೇನೆ.

ಬೆಳಿಗ್ಗೆ ಎದ್ದು ಒಂದು ಕೆರೆಯ ಸುತ್ತ ನಡೆಯುವುದು ನನ್ನ ರೂಢಿ. ನಡೆದ ದಾರಿಯನ್ನು ದಾಖಲಿಸಲು ಮೊಬೈಲಿನಲ್ಲಿ ಒಂದು ಆ್ಯಪ್ ಇಟ್ಟುಕೊಂಡಿದ್ದೇನೆ. ಸುತ್ತು ಮುಗಿದ ಮೇಲೆ ಅದು ನಕ್ಷೆಯ ಮೇಲೆ ಒಂದು ಗೆರೆ ಎಳೆದು ತೋರಿಸುತ್ತದೆ. ದಿನವೂ ಹೆಚ್ಚುಕಡಿಮೆ ನಾಲ್ಕು ಕಿಲೋಮೀಟರ್. ಒಂದು ದಿನ ಮನೆಗೆ ಬಂದು ನೋಡುತ್ತೇನೆ, ಗೆರೆ ದಂಡೆಯನ್ನು ಬಳಸಿಕೊಂಡು ಹೋಗದೆ ನೀರಿನ ಮೇಲೆ ನೆಟ್ಟಗೆ ಹಾದುಹೋಗಿದೆ. ದೂರವೂ 3.65 ಕಿಲೋಮೀಟರಿಗೆ ಇಳಿದಿದೆ. ಮರುದಿನ ಎಲ್ಲವೂ ಸರಿಯಾಗಿತ್ತು. ನಾಲ್ಕು ದಿನ ಬಿಟ್ಟು ಮತ್ತೆ ಅದೇ ಕಥೆ.

‘ಜಿಪಿಎಸ್ ಕೆಟ್ಟಿದೆ’ ಎಂದು ಸುಮ್ಮನಾಗಿಬಿಡಬಹುದಿತ್ತು. ಸ್ಥಳದ ಆ್ಯಪ್ ಏನೇ ತಪ್ಪು ಮಾಡಿದರೂ ನಾವು ಹೇಳುವುದು ಇದೊಂದೇ ಮಾತು. ಆದರೆ ನಾನು ನೋಡಿದ ಮಟ್ಟಿಗೆ ಜಿಪಿಎಸ್ ನಿಜಕ್ಕೂ ಕೆಡುವುದು ತೀರಾ ಅಪರೂಪ. ತಪ್ಪು ಬೇರೆಲ್ಲೋ ಇರುತ್ತದೆ. ಎಲ್ಲಿದೆ ಎಂಬುದನ್ನು ಮನೆಯಲ್ಲೇ ಕುಳಿತು, ಯಾವ ಉಪಕರಣವೂ ಇಲ್ಲದೆ ಪತ್ತೆ ಮಾಡಬಹುದು.

ಮೊದಲು ನಕ್ಷೆಯಲ್ಲಿ ಕಾಣುವ ನೀಲಿ ಚುಕ್ಕಿಯನ್ನು ಸರಿಯಾಗಿ ಓದುವುದನ್ನು ಕಲಿಯೋಣ. ನಾವು ನೋಡುವುದು ಚುಕ್ಕಿಯನ್ನು ಮಾತ್ರ. ಫೋನು ಆ್ಯಪ್‌ಗೆ ಕೊಡುವ ಉತ್ತರದಲ್ಲಿ ಮೂರು ಸಂಗತಿಗಳಿರುತ್ತವೆ: ಎಲ್ಲಿ, ಎಷ್ಟು ಹೆಚ್ಚುಕಡಿಮೆ, ಯಾವಾಗ. ‘ಎಷ್ಟು ಹೆಚ್ಚುಕಡಿಮೆ’ ಎಂಬುದೇ ಚುಕ್ಕಿಯ ಸುತ್ತ ಕಾಣುವ ತಿಳಿನೀಲಿ ವೃತ್ತ. ಆ್ಯಂಡ್ರಾಯ್ಡ್ ಫೋನಿನಲ್ಲಿ ಈ ವೃತ್ತಕ್ಕೆ ಖಚಿತವಾದ ಅರ್ಥವಿದೆ: ನೀವು ಅದರೊಳಗೆ ಇರುವ ಸಂಭವ ಶೇಕಡಾ 68. ಅಂದರೆ ಫೋನು ತನ್ನ ಲೆಕ್ಕವನ್ನು ಪ್ರಾಮಾಣಿಕವಾಗಿಯೇ ಹೇಳಿದ್ದರೂ ಮೂರು ಸಲಕ್ಕೆ ಒಂದು ಸಲ ನೀವು ವೃತ್ತದ ಹೊರಗಿರಬಹುದು. ವೃತ್ತ ಹತ್ತು ಮೀಟರಿನದಾಗಿದ್ದು ಚುಕ್ಕಿ ಪಕ್ಕದ ಬೀದಿಯಲ್ಲಿ ಕಂಡರೆ ಅದು ದೋಷವಲ್ಲ, ಅಳತೆಯ ಮಿತಿ.

ಬಯಲಿನಲ್ಲಿ, ಮೇಲೆ ಆಕಾಶ ತೆರೆದಿದ್ದರೆ, ಒಳ್ಳೆಯ ಫೋನಿನ ತಪ್ಪು ಸುಮಾರು ಐದು ಮೀಟರಿನ ಆಸುಪಾಸಿನಲ್ಲಿರುತ್ತದೆ. ಅದಕ್ಕಿಂತ ಹೆಚ್ಚಾಗುವುದು ಯಾವಾಗ? ಜಿಪಿಎಸ್ ಉಪಗ್ರಹಗಳು ನಮ್ಮಿಂದ ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತಿವೆ. ಸಂಕೇತ ಅಲ್ಲಿಂದ ಹೊರಟು ಇಲ್ಲಿಗೆ ತಲುಪಲು ಹಿಡಿದ ಸಮಯದಿಂದ ಫೋನು ದೂರವನ್ನು ಲೆಕ್ಕ ಹಾಕುತ್ತದೆ. ಕನಿಷ್ಠ ನಾಲ್ಕು ಉಪಗ್ರಹಗಳು ಬೇಕು: ಸ್ಥಾನದ ಮೂರು ಅಳತೆಗಳಿಗೆ ಮೂರು, ಫೋನಿನ ಗಡಿಯಾರದ ತಪ್ಪನ್ನು ತಿದ್ದಲು ಇನ್ನೊಂದು. ಆ ಗಡಿಯಾರ ಎಷ್ಟು ಮುಖ್ಯವೆಂದರೆ, ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಭಾಗದಷ್ಟು ಸಮಯದಲ್ಲಿ ಬೆಳಕು ಸುಮಾರು 30 ಸೆಂಟಿಮೀಟರ್ ಸಾಗಿಬಿಡುತ್ತದೆ. ಈಗ ನೀವು ಎತ್ತರದ ಕಟ್ಟಡಗಳ ನಡುವೆ ನಿಂತಿದ್ದೀರಿ ಎಂದುಕೊಳ್ಳಿ. ಸಂಕೇತ ನೇರವಾಗಿ ಬರದೆ ಎದುರಿನ ಗೋಡೆಗೆ ಬಡಿದು, 40 ಮೀಟರ್ ಬಳಸಿಕೊಂಡು ಬಂತು. ಫೋನಿಗೆ ಗೋಡೆಯ ವಿಷಯ ಗೊತ್ತಿಲ್ಲ. ಆ ಉಪಗ್ರಹ 40 ಮೀಟರ್ ಹೆಚ್ಚು ದೂರದಲ್ಲಿದೆ ಎಂದೇ ತಿಳಿಯುತ್ತದೆ. ನಿಂತಲ್ಲೇ ನಿಂತಿದ್ದರೂ ಚುಕ್ಕಿ ರಸ್ತೆಯ ಈ ಬದಿಯಿಂದ ಆ ಬದಿಗೆ ಜಿಗಿಯುವುದು ಇದರಿಂದಲೇ. ಇದಕ್ಕೆ ಯಾವ ಸೆಟ್ಟಿಂಗೂ ಮದ್ದಲ್ಲ. ನಾಲ್ಕು ಹೆಜ್ಜೆ ನಡೆದು ಬಯಲಿಗೆ ಬರಬೇಕು.

ಇನ್ನು ‘ಯಾವಾಗ’ ಎಂಬುದು. ಇದನ್ನು ಬಹುತೇಕ ಆ್ಯಪ್‌ಗಳು ನಮಗೆ ತೋರಿಸುವುದೇ ಇಲ್ಲ, ಅದು ನನಗೆ ದೊಡ್ಡ ಕೊರತೆಯಾಗಿ ಕಾಣುತ್ತದೆ. ಪ್ರತಿ ಸಲವೂ ಉಪಗ್ರಹದ ಸಂಕೇತವನ್ನು ಕೇಳಿಸಿಕೊಂಡರೆ ಬ್ಯಾಟರಿ ಬೇಗ ಕರಗುತ್ತದೆ. ಹಾಗಾಗಿ ಫೋನು ಕೊನೆಯ ಸಲ ಸಿಕ್ಕ ಸ್ಥಳವನ್ನು ನೆನಪಿಟ್ಟುಕೊಂಡಿರುತ್ತದೆ, ಯಾವುದೇ ಆ್ಯಪ್ ಕೇಳಿದರೂ ಅದನ್ನೇ ತಕ್ಷಣ ಕೊಡಬಲ್ಲದು. ಆ ಸ್ಥಳ ಎರಡು ಸೆಕೆಂಡಿನ ಹಿಂದಿನದೂ ಆಗಿರಬಹುದು, ಎರಡು ಗಂಟೆಯ ಹಿಂದಿನದೂ ಆಗಿರಬಹುದು. ನೀವು ಪ್ರಯಾಣ ಮುಗಿಸಿ ಆ್ಯಪ್ ತೆರೆದಾಗ ಹೊರಟ ಊರೇ ಕಂಡರೆ, ಅದು ತಪ್ಪು ಸ್ಥಳವಲ್ಲ, ಹಳೆಯ ಸ್ಥಳ. ಎರಡಕ್ಕೂ ಪರಿಹಾರ ಬೇರೆ ಬೇರೆ. ಗುರುತಿಸುವುದು ಸುಲಭ: ಹತ್ತಿಪ್ಪತ್ತು ಸೆಕೆಂಡು ಕಾಯಿರಿ, ನಡೆದು ನೋಡಿ. ಚುಕ್ಕಿ ಒಮ್ಮೆಲೇ ನೆಗೆದು ನಿಮ್ಮ ಬಳಿಗೆ ಬಂದರೆ ಅದು ಹಳತು. ನಿಮ್ಮ ಜೊತೆಗೇ ಚಲಿಸುತ್ತಿದ್ದು ಬೇರೆ ಕಡೆ ಇದ್ದರೆ ಅದು ತಪ್ಪು. ಕದಲದೇ ಕೂತರೆ ಹೊಸ ಸ್ಥಳ ಆ್ಯಪ್‌ಗೆ ತಲುಪುತ್ತಲೇ ಇಲ್ಲ.

ಮೂರನೆಯ ಸ್ಥಿತಿಯಲ್ಲಿ ಮಾಡಬೇಕಾದ ಮೊದಲ ಪರೀಕ್ಷೆ ಒಂದಿದೆ. ಅದೇ ಜಾಗದಲ್ಲಿ ನಿಂತು ಇನ್ನೊಂದು ನಕ್ಷೆಯ ಆ್ಯಪ್ ತೆರೆಯಿರಿ. ಅದರಲ್ಲಿ ಚುಕ್ಕಿ ಸರಿಯಾಗಿದ್ದರೆ ಫೋನು ಚೆನ್ನಾಗಿದೆ, ಜಿಪಿಎಸ್ ಚೆನ್ನಾಗಿದೆ. ತೊಡಕಿರುವುದು ಆ ಒಂದು ಆ್ಯಪ್‌ಗೆ ನೀವು ಕೊಟ್ಟಿರುವ ಅನುಮತಿಯಲ್ಲಿ ಅಥವಾ ಆ ಆ್ಯಪ್‌ನಲ್ಲೇ. ಎರಡರಲ್ಲೂ ತಪ್ಪಿದ್ದರೆ ತೊಡಕು ಫೋನಿನದು ಅಥವಾ ನೀವು ನಿಂತ ಜಾಗದ್ದು. ಅರ್ಧ ನಿಮಿಷದ ಈ ಕೆಲಸ ಅರ್ಧದಷ್ಟು ಹುಡುಕಾಟವನ್ನು ಉಳಿಸುತ್ತದೆ. ಇದನ್ನು ಮಾಡದೆ ಫೋನನ್ನೇ ಮೊದಲ ಸ್ಥಿತಿಗೆ ಮರಳಿಸಿ, ಚಿತ್ರಗಳನ್ನೆಲ್ಲ ಕಳೆದುಕೊಂಡವರನ್ನು ಕಂಡು ನನಗೆ ಬಹಳ ಬೇಸರವಾಗಿದೆ.

ಅನುಮತಿಯ ವಿಷಯಕ್ಕೆ ಬಂದರೆ, ಅಲ್ಲಿ ಎರಡು ಪ್ರಶ್ನೆಗಳಿವೆ, ಎರಡನ್ನೂ ಬೇರೆಬೇರೆಯಾಗಿ ನೋಡಬೇಕು. ಒಂದು, ಎಷ್ಟು ನಿಖರ; ಇನ್ನೊಂದು, ಯಾವ ಹೊತ್ತಿನಲ್ಲಿ.

2020ರಲ್ಲಿ ಬಂದ ಐಓಎಸ್ 14ರಿಂದ ಐಫೋನಿನಲ್ಲಿಯೂ 2021ರ ಆ್ಯಂಡ್ರಾಯ್ಡ್ 12ರಿಂದ ಉಳಿದ ಫೋನುಗಳಲ್ಲಿಯೂ ಬಳಕೆದಾರರು ಆ್ಯಪ್‌ಗೆ ನಿಖರ ಸ್ಥಳವನ್ನು ಕೊಡದೆ ಅಂದಾಜು ಸ್ಥಳವನ್ನು ಮಾತ್ರ ಕೊಡಬಹುದು. ಇದು ಒಳ್ಳೆಯ ಏರ್ಪಾಡು. ಹವಾಮಾನ ಹೇಳುವ ಆ್ಯಪ್‌ಗೆ ನನ್ನ ಮನೆಯ ಬಾಗಿಲು ಗೊತ್ತಾಗಬೇಕಿಲ್ಲ. ಆದರೆ ಆ್ಯಪ್ ಮೊದಲ ಸಲ ತೆರೆದ ಅವಸರದಲ್ಲಿ ಅಂದಾಜನ್ನು ಒತ್ತಿಬಿಟ್ಟಿದ್ದರೆ, ದಾರಿ ತೋರಿಸುವ ಆ್ಯಪ್‌ಗೂ ನಿಮ್ಮ ಜಾಗ ಕಿಲೋಮೀಟರುಗಳ ಲೆಕ್ಕದಲ್ಲೇ ತಿಳಿಯುತ್ತದೆ. ಇದರ ಗುರುತು ಸ್ಪಷ್ಟ: ಬಯಲಿನಲ್ಲಿ ನಿಂತಿದ್ದರೂ ವೃತ್ತ ಊರಿನ ಒಂದು ಭಾಗವನ್ನೇ ನುಂಗುವಷ್ಟು ದೊಡ್ಡದಿರುತ್ತದೆ, ಎಷ್ಟು ಕಾದರೂ ಕುಗ್ಗುವುದಿಲ್ಲ. ಆ್ಯಂಡ್ರಾಯ್ಡ್‌ನಲ್ಲಿ ಆ ಆ್ಯಪ್‌ನ ಸ್ಥಳದ ಅನುಮತಿಯ ಪುಟದಲ್ಲಿ “Use precise location” ಎಂಬ ಗುಂಡಿ, ಐಫೋನಿನಲ್ಲಿ “Precise Location” ಎಂಬುದು ಇರುತ್ತದೆ. ಅದನ್ನು ಚಾಲೂ ಮಾಡಿದರೆ ಮುಗಿಯಿತು.

‘ಯಾವ ಹೊತ್ತಿನಲ್ಲಿ’ ಎಂಬ ಪ್ರಶ್ನೆ ಸ್ವಲ್ಪ ಗಡುಸು. ಕೆರೆಯ ಮೇಲಿನ ಗೆರೆಗೆ ಹಿಂದಿರುಗಿದರೆ ಅದು ತಾನಾಗಿ ತಿಳಿಯುತ್ತದೆ.

ನನ್ನ ಆ್ಯಪ್ ನಡೆದ ದಾರಿಯನ್ನು ಜಿಪಿಎಕ್ಸ್ ಎಂಬ ಕಡತವಾಗಿ ಹೊರಗೆ ಕೊಡುತ್ತದೆ. ಅದು ಸಾಮಾನ್ಯ ಅಕ್ಷರಗಳ ಕಡತ. ಯಾರು ಬೇಕಾದರೂ ತೆರೆದು ಓದಬಹುದು. ದಾಖಲಾದ ಪ್ರತಿ ಬಿಂದುವಿಗೂ ಒಂದು ಸಮಯ ಇರುತ್ತದೆ. ಗೆರೆ ನೆಟ್ಟಗಾದ ಜಾಗದ ಸಮಯಗಳು ಹೀಗಿದ್ದವು:

```
<time>2024-03-09T00:52:14Z</time>
<time>2024-03-09T00:52:15Z</time>
<time>2024-03-09T01:03:41Z</time>
<time>2024-03-09T01:03:42Z</time>
```

ಕೊನೆಯ ‘Z’ ಅಂದರೆ ಇದು ಅಂತರರಾಷ್ಟ್ರೀಯ ಮಾನಕ ಸಮಯ ಎಂದು. ನಮಗೆ ಬೇಕಾದುದು ಗಡಿಯಾರದ ಹೊತ್ತಲ್ಲ, ನಡುವಿನ ಅಂತರ. ಸೆಕೆಂಡಿಗೊಂದರಂತೆ ಬರುತ್ತಿದ್ದ ಬಿಂದುಗಳು ಥಟ್ಟನೆ ನಿಂತು, 11 ನಿಮಿಷ 26 ಸೆಕೆಂಡು ಬಿಟ್ಟು ಮತ್ತೆ ಸೆಕೆಂಡಿಗೊಂದರಂತೆ ಆರಂಭವಾಗಿವೆ. ಗಂಟೆಗೆ ಐದು ಕಿಲೋಮೀಟರಿನ ನಡಿಗೆಯಲ್ಲಿ ಅಷ್ಟು ಹೊತ್ತಿಗೆ ಸುಮಾರು 950 ಮೀಟರ್ ಸಾಗಿರುತ್ತೇನೆ. ನಕ್ಷೆಯಲ್ಲಿ ಆ ಎರಡು ಬಿಂದುಗಳ ನಡುವಿನ ನೇರ ದೂರ 600 ಮೀಟರ್. ಕಳೆದುಹೋದ 350 ಮೀಟರಿನ ಲೆಕ್ಕ ಅಲ್ಲಿಗೆ ಸರಿಹೊಂದಿತು. ಆ್ಯಪ್ ನೀರಿನ ಮೇಲೆ ನನ್ನನ್ನು ಕಂಡಿರಲಿಲ್ಲ. ಎರಡು ಸರಿಯಾದ ಬಿಂದುಗಳ ನಡುವೆ ತನಗೆ ತಿಳಿಯದ ಭಾಗವನ್ನು ಗೆರೆ ಎಳೆದು ಜೋಡಿಸಿತ್ತು, ಅಷ್ಟೇ.

ಈ ನಾಲ್ಕು ಸಾಲುಗಳಿಂದಲೇ ನಿಖರತೆಯ ಮೇಲಿನ ಅನುಮಾನ ಕಳಚಿಬಿತ್ತು. ಸಂಕೇತ ದುರ್ಬಲವಾಗಿದ್ದರೆ ಬಿಂದುಗಳು ಅತ್ತಿತ್ತ ಚದುರುತ್ತವೆ, ಗೆರೆ ಸಿಕ್ಕುಸಿಕ್ಕಾಗುತ್ತದೆ. ಇಲ್ಲಿ ಅಂತರದ ಹಿಂದಿನ ಬಿಂದುವೂ ಮುಂದಿನ ಬಿಂದುವೂ ದಂಡೆಯ ಮೇಲೆ ಅಚ್ಚುಕಟ್ಟಾಗಿ ಕೂತಿದ್ದವು. ಯಾರೋ ನಲ್ಲಿ ತಿರುಗಿಸಿ ನೀರು ನಿಲ್ಲಿಸಿದ ಹಾಗೆ, ಸ್ಥಳ ಬರುವುದನ್ನು ಯಾವುದೋ ಒಂದು ನಿಲ್ಲಿಸಿತ್ತು.

ಯಾವುದು? ಮೊದಲ ಅನುಮಾನ ಅನುಮತಿಯ ಮೇಲೆ. ಆ ಆ್ಯಪ್‌ಗೆ ನಾನು ಕೊಟ್ಟಿದ್ದು “Allow only while using the app”, ಅಂದರೆ ಬಳಸುವಾಗ ಮಾತ್ರ. ಫೋನು ಜೇಬಿಗೆ ಹೋಗಿ ಪರದೆ ಆರಿದರೆ ಅದು ‘ಬಳಕೆ’ ಅಲ್ಲ ಎಂದಾಗುತ್ತದೆಯೇ? ಇಲ್ಲಿ ಒಂದು ಸೂಕ್ಷ್ಮವಿದೆ. ಆ್ಯಪ್ ತೆರೆದಿರುವಾಗಲೇ ದಾಖಲೆ ಆರಂಭಿಸಿ, ಪರದೆಯ ಮೇಲ್ತುದಿಯಲ್ಲಿ ಒಂದು ಸೂಚನೆಯನ್ನು ಇಟ್ಟು ಕೆಲಸ ಮಾಡುತ್ತಿದ್ದರೆ, ಪರದೆ ಆರಿದ ಮೇಲೂ ಆ್ಯಂಡ್ರಾಯ್ಡ್ ಅದನ್ನು ಬಳಕೆಯಲ್ಲಿದೆ ಎಂದೇ ಪರಿಗಣಿಸುತ್ತದೆ. ಚೆನ್ನಾಗಿ ಬರೆದ ನಡಿಗೆಯ ಆ್ಯಪ್‌ಗಳೆಲ್ಲ ಹೀಗೇ ಮಾಡುತ್ತವೆ. ಸೂಚನೆ ಇಲ್ಲದೆ ಹಿನ್ನೆಲೆಯಲ್ಲಿ ಸ್ಥಳ ಕೇಳುವ ಆ್ಯಪ್‌ಗೆ “Allow all the time” ಎಂಬ ಅನುಮತಿ ಬೇಕು. ಅದನ್ನು ಕೊಟ್ಟರೂ, 2017ರ ಆ್ಯಂಡ್ರಾಯ್ಡ್ 8ರಿಂದೀಚೆಗೆ, ಅದಕ್ಕೆ ಹೊಸ ಸ್ಥಳ ಸಿಗುವುದು ಗಂಟೆಗೆ ಕೆಲವೇ ಸಲ. ಆದ್ದರಿಂದ ನಿಮ್ಮ ಆ್ಯಪ್ ಪರದೆ ಆರಿದಾಗ ನಿಲ್ಲುತ್ತಿದ್ದರೆ, ಆ ಸೂಚನೆ ಇದೆಯೇ ಎಂದು ಮೊದಲು ನೋಡಿ. ನನ್ನ ಆ್ಯಪ್‌ನ ಸೂಚನೆ ಇತ್ತು. ಕೆರೆಯ ಆಚೆ ದಂಡೆಯಲ್ಲಿ ಸಮಯ ನೋಡಲು ಫೋನು ಹೊರತೆಗೆದಾಗಲೂ ಇತ್ತು.

ಸೂಚನೆ ಉಳಿದಿತ್ತು ಎನ್ನುವುದು ಇನ್ನೊಂದು ಸಂಗತಿಯನ್ನೂ ಹೇಳಿತು. ಕೆಲವು ಫೋನುಗಳು ಬ್ಯಾಟರಿ ಉಳಿಸುವ ನೆಪದಲ್ಲಿ ಹಿನ್ನೆಲೆಯ ಆ್ಯಪ್‌ಗಳನ್ನು ಮುಚ್ಚಿಯೇ ಬಿಡುತ್ತವೆ. ಆಗ ಸೂಚನೆಯೂ ಮಾಯವಾಗುತ್ತದೆ, ಫೋನು ಕೈಗೆತ್ತಿಕೊಂಡರೂ ದಾಖಲೆ ತಾನಾಗಿ ಮುಂದುವರಿಯುವುದಿಲ್ಲ. ಅಂಥಲ್ಲಿ ಆ ಆ್ಯಪ್‌ನ ಬ್ಯಾಟರಿಯ ಪುಟಕ್ಕೆ ಹೋಗಿ “Unrestricted” ಆರಿಸಬೇಕು. ನನ್ನದು ಅದಲ್ಲ. ಆ್ಯಪ್ ಬದುಕಿತ್ತು, ಕೇಳುತ್ತಲೇ ಇತ್ತು, ಫೋನು ಕೊಡುತ್ತಿರಲಿಲ್ಲ.

ಉಳಿದದ್ದು ಇಡೀ ಫೋನಿನ ಬ್ಯಾಟರಿ ಸೇವರ್. ಇದು ಚಾಲೂ ಇರುವಾಗ, ಪರದೆ ಆರಿದೊಡನೆ ಸ್ಥಳದ ಸೇವೆ ನಿಲ್ಲಬಹುದು. ಎಷ್ಟು ನಿಲ್ಲುತ್ತದೆ ಎನ್ನುವುದು ಫೋನಿನಿಂದ ಫೋನಿಗೆ, ಆವೃತ್ತಿಯಿಂದ ಆವೃತ್ತಿಗೆ ಬೇರೆ. ನಾನು ಅದನ್ನು ಎಂದೂ ಚಾಲೂ ಮಾಡಿರಲಿಲ್ಲ. ಆದರೆ ಸೆಟ್ಟಿಂಗ್‌ನಲ್ಲಿ ನೋಡಿದರೆ, ಚಾರ್ಜ್ ಶೇಕಡಾ 20ಕ್ಕೆ ಇಳಿದಾಗ ಅದು ತಾನಾಗಿ ಚಾಲೂ ಆಗುವಂತೆ ಇತ್ತು. ಬ್ಯಾಟರಿಯ ಬಳಕೆಯ ರೇಖೆಯನ್ನು ತೆರೆದೆ. ಆ ಬೆಳಿಗ್ಗೆ ಮನೆಯಿಂದ ಹೊರಟಾಗ ಶೇಕಡಾ 20ಕ್ಕಿಂತ ಸ್ವಲ್ಪವೇ ಮೇಲಿತ್ತು, ನಡೆಯುತ್ತಿರುವಾಗಲೇ ಕೆಳಗಿಳಿದಿತ್ತು. ಅಲ್ಲಿಯವರೆಗೆ ಜೇಬಿನೊಳಗಿದ್ದರೂ ಬಿಂದುಗಳು ಬಂದಿದ್ದವು. ಚಾರ್ಜ್ ಶೇಕಡಾ 20ಕ್ಕೆ ಇಳಿದೊಡನೆ ನಿಂತವು. ಸಮಯ ನೋಡಲು ಪರದೆ ಬೆಳಗಿಸಿದಾಗ ಮತ್ತೆ ಬಂದವು. ಅಲ್ಲಿಂದ ಮನೆಯವರೆಗೆ ಸಂದೇಶಗಳನ್ನು ಓದುತ್ತಾ ಫೋನನ್ನು ಕೈಯಲ್ಲೇ ಹಿಡಿದಿದ್ದೆ, ಹಾಗಾಗಿ ಇನ್ನೊಂದು ಅಂತರ ಬೀಳಲಿಲ್ಲ. ಕೆಲವು ದಿನ ಸರಿ, ಕೆಲವು ದಿನ ತಪ್ಪು ಏಕೆ ಎಂಬುದೂ ತಿಳಿಯಿತು: ಹಿಂದಿನ ರಾತ್ರಿ ಚಾರ್ಜಿಗೆ ಹಾಕಲು ಮರೆತ ದಿನಗಳಲ್ಲಿ ಮಾತ್ರ ತಪ್ಪು.

ಊಹೆ ಸರಿ ಹೊಂದಿತೆಂದು ಅಲ್ಲಿಗೇ ಬಿಡಬಾರದು, ಪರೀಕ್ಷಿಸಬೇಕು. ಚಾರ್ಜ್ ತುಂಬಿದ ಫೋನಿನಲ್ಲಿ ಬ್ಯಾಟರಿ ಸೇವರನ್ನು ಕೈಯಾರೆ ಚಾಲೂ ಮಾಡಿ, ಪರದೆ ಆರಿಸಿ ಹತ್ತು ನಿಮಿಷ ನಡೆದೆ: ಅಂತರ ಬಿತ್ತು. ಬೇರೆ ಏನನ್ನೂ ಮುಟ್ಟದೆ ಅದನ್ನೊಂದೇ ನಿಲ್ಲಿಸಿ ಇನ್ನೊಂದು ಹತ್ತು ನಿಮಿಷ ನಡೆದೆ: ಬಿಂದುಗಳು ಎಡೆಬಿಡದೆ ಬಂದವು. ಒಂದು ಸಲಕ್ಕೆ ಒಂದೇ ಬದಲಾವಣೆ ಎಂಬುದನ್ನು ದಯವಿಟ್ಟು ಬಿಡಬೇಡಿ. ಅನುಮತಿ, ಬ್ಯಾಟರಿ, ಆ್ಯಪ್‌ನ ನವೀಕರಣ ಮೂರನ್ನೂ ಒಟ್ಟಿಗೆ ಬದಲಿಸಿ ಸರಿಹೋದರೆ, ಕಾರಣವೇನೆಂದು ನಿಮಗೆ ತಿಳಿದಿರುವುದಿಲ್ಲ. ಬೇಡದ ಅನುಮತಿಯೊಂದು ಮಾತ್ರ ಆ್ಯಪ್‌ನ ಕೈಯಲ್ಲಿ ಉಳಿದಿರುತ್ತದೆ.

ಸಭೆಯಲ್ಲಿ ಬಂದ ಎರಡು ಪ್ರಶ್ನೆಗಳನ್ನೂ ಇಲ್ಲಿ ಸೇರಿಸುತ್ತೇನೆ.

ಮುಂದಿನ ಸಾಲಿನಲ್ಲಿ ಕುಳಿತಿದ್ದ ಹಿರಿಯರೊಬ್ಬರು ಕೇಳಿದರು: “ನಾವು ಮನೆ ಬದಲಿಸಿ ಒಂದು ವಾರವಾಯಿತು. ಹೊಸ ಮನೆಯೊಳಗೆ ಕುಳಿತರೆ ಫೋನು ಹಳೆಯ ಮನೆಯನ್ನು ತೋರಿಸುತ್ತದೆ. ವೃತ್ತವೂ ಚಿಕ್ಕದಾಗಿಯೇ ಇರುತ್ತದೆ. ಅಂಗಳಕ್ಕೆ ಬಂದರೆ ಸರಿಯಾಗುತ್ತದೆ. ಇದೇನು?”

ನಾನು ಮರುಪ್ರಶ್ನೆ ಕೇಳಿದೆ: “ಹಳೆಯ ಮನೆಯ ವೈಫೈ ರೂಟರನ್ನು ಜೊತೆಗೇ ತಂದಿರಾ?” ತಂದಿದ್ದರು. ಅಲ್ಲೇ ಉತ್ತರವಿದೆ. ಮನೆಯೊಳಗೆ ಉಪಗ್ರಹದ ಸಂಕೇತ ಸರಿಯಾಗಿ ಸಿಗುವುದಿಲ್ಲ. ಆಗ ಫೋನು ಸುತ್ತ ಕೇಳಿಸುವ ವೈಫೈ ರೂಟರುಗಳ ಗುರುತುಸಂಖ್ಯೆಗಳನ್ನು ಪಟ್ಟಿಮಾಡಿ, ಯಾವ ರೂಟರ್ ಎಲ್ಲಿದೆ ಎಂಬ ದೊಡ್ಡ ಕೋಶವೊಂದರಿಂದ ತನ್ನ ಜಾಗವನ್ನು ತಿಳಿದುಕೊಳ್ಳುತ್ತದೆ. ನಿಮ್ಮ ರೂಟರ್ ಹಳೆಯ ವಿಳಾಸದಲ್ಲಿದೆ ಎಂದೇ ಆ ಕೋಶದಲ್ಲಿ ಇನ್ನೂ ದಾಖಲಾಗಿದೆ. ಸುತ್ತ ಬೇರೆ ರೂಟರುಗಳು ಕಡಿಮೆ ಇದ್ದರೆ ಅದರ ಮಾತೇ ಗೆಲ್ಲುತ್ತದೆ. ವೃತ್ತ ಚಿಕ್ಕದಾಗಿರುವುದಕ್ಕೂ ಇದೇ ಕಾರಣ. ರೂಟರಿನ ಹತ್ತಿರವೇ ಇದ್ದೇನೆ ಎಂಬುದು ಫೋನಿಗೆ ಖಚಿತ, ರೂಟರ್ ಎಲ್ಲಿದೆ ಎಂಬುದೇ ತಪ್ಪು. ವೃತ್ತವೆಂದರೆ ಫೋನು ತನ್ನ ಬಗ್ಗೆ ತಾನೇ ಮಾಡಿಕೊಂಡ ಅಂದಾಜು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದಿಲ್ಲ. ಖಚಿತಪಡಿಸಿಕೊಳ್ಳಲು ರೂಟರನ್ನು ಹತ್ತು ನಿಮಿಷ ಆರಿಸಿಟ್ಟು, ಮೊಬೈಲ್ ಡೇಟಾದಲ್ಲಿ ನಕ್ಷೆ ತೆರೆದು ನೋಡಿ. ಜನರ ಫೋನುಗಳು ಉಪಗ್ರಹದ ಸ್ಥಳದ ಜೊತೆಗೆ ನಿಮ್ಮ ರೂಟರನ್ನು ಹೊಸ ಜಾಗದಲ್ಲಿ ಕಂಡಂತೆಲ್ಲ ಕೋಶ ನಿಧಾನವಾಗಿ ತಿದ್ದಿಕೊಳ್ಳುತ್ತದೆ. ಆ ಕೋಶದಲ್ಲಿ ನಿಮ್ಮ ರೂಟರ್ ಇರುವುದೇ ಬೇಡವೆಂದರೆ, ವೈಫೈ ಹೆಸರಿನ ಕೊನೆಗೆ `_nomap` ಎಂದು ಸೇರಿಸಿ. ಗೂಗಲ್ ಅದನ್ನು ಕೈಬಿಡುತ್ತದೆ.

ಎರಡನೆಯ ಪ್ರಶ್ನೆ ಒಬ್ಬ ವಿದ್ಯಾರ್ಥಿನಿಯದು: “ಸರ್, ತಪ್ಪು ಜಾಗವಲ್ಲ, ಜಾಗವೇ ಬರುವುದಿಲ್ಲ. ನೆಟ್‌ವರ್ಕ್ ಇಲ್ಲದ ಬೆಟ್ಟದಲ್ಲಿ ಹೀಗಾಯಿತು. ಜಿಪಿಎಸ್‌ಗೆ ಇಂಟರ್ನೆಟ್ ಬೇಕೇ?”

ಬೇಡ. ಫೋನು ಉಪಗ್ರಹಕ್ಕೆ ಏನನ್ನೂ ಕಳಿಸುವುದಿಲ್ಲ, ಕೇಳಿಸಿಕೊಳ್ಳುತ್ತದೆ ಅಷ್ಟೇ. ಆದರೆ ಯಾವ ಉಪಗ್ರಹ ಈಗ ಎಲ್ಲಿದೆ ಎಂಬ ವಿವರ ಅದಕ್ಕೆ ಬೇಕು. ಇಂಟರ್ನೆಟ್ ಇದ್ದರೆ ಆ ವಿವರ ಕ್ಷಣದಲ್ಲಿ ಇಳಿದುಬಿಡುತ್ತದೆ. ಇಲ್ಲದಿದ್ದರೆ ಉಪಗ್ರಹದಿಂದಲೇ ಕೇಳಿಸಿಕೊಳ್ಳಬೇಕು. ಉಪಗ್ರಹ ಮಾತನಾಡುವ ವೇಗವೋ ಸೆಕೆಂಡಿಗೆ ಬರೀ 50 ಬಿಟ್. ತನ್ನ ಸ್ಥಾನದ ವಿವರವನ್ನು ಅದು 30 ಸೆಕೆಂಡಿಗೊಮ್ಮೆ ಪುನಃ ಹೇಳುತ್ತಿರುತ್ತದೆ. ನಡುವೆ ಮರವೊಂದು ಅಡ್ಡ ಬಂದು ಒಂದು ತುಣುಕು ತಪ್ಪಿಹೋದರೆ, ಆ ತುಣುಕಿಗಾಗಿ ಮುಂದಿನ ಸುತ್ತಿನವರೆಗೆ ಕಾಯಬೇಕು. ನಡೆಯುತ್ತಾ, ಫೋನನ್ನು ಮತ್ತೆ ಮತ್ತೆ ಜೇಬಿಗೆ ಹಾಕುತ್ತಾ ಇದ್ದರೆ ಪ್ರತಿ ಸಲವೂ ಹಾಗೇ ತಪ್ಪಿಹೋಗುತ್ತದೆ.

ಹಾಗಾಗಿ ಆಕಾಶ ಕಾಣುವ ಜಾಗದಲ್ಲಿ ನಿಲ್ಲಿ. ಸ್ಥಳದ ಸೇವೆ ಚಾಲೂ ಇದೆಯೇ, ಬ್ಯಾಟರಿ ಸೇವರ್ ಆರಿದೆಯೇ ಎಂದು ನೋಡಿ. ಆ್ಯಂಡ್ರಾಯ್ಡ್ ಆದರೆ GPSTest ಎಂಬ ಉಚಿತ ಆ್ಯಪನ್ನು ಹೊರಡುವ ಮುಂಚೆಯೇ ಹಾಕಿಕೊಂಡಿದ್ದರೆ ಒಳ್ಳೆಯದು. ಅದು ಕೇಳಿಸುತ್ತಿರುವ ಒಂದೊಂದು ಉಪಗ್ರಹವನ್ನೂ ಅದರ ಸಂಕೇತದ ಬಲವನ್ನೂ ಸಾಲಾಗಿ ತೋರಿಸುತ್ತದೆ. ಬಲದ ಸಂಖ್ಯೆ 40ರ ಹತ್ತಿರವಿದ್ದರೆ ಚೆನ್ನಾಗಿ ಕೇಳಿಸುತ್ತಿದೆ ಎಂದರ್ಥ, 20ರ ಆಸುಪಾಸಿನಲ್ಲಿದ್ದರೆ ಏನೋ ಅಡ್ಡ ಇದೆ. ಲೋಹದ ಹಾಳೆಯಿರುವ ಕವರ್ ಹಾಕಿದ್ದರೆ ಅದನ್ನು ತೆಗೆದು ನೋಡಿ. ತೆರೆದ ಬಯಲಿನಲ್ಲಿ ಹತ್ತು ನಿಮಿಷ ನಿಂತರೂ, ಫೋನನ್ನು ಒಮ್ಮೆ ಆರಿಸಿ ಹೊತ್ತಿಸಿದರೂ, ಒಂದೇ ಒಂದು ಉಪಗ್ರಹ ಕಾಣದಿದ್ದರೆ ಆಗ ಮಾತ್ರ ಆಂಟೆನಾದ ಮೇಲೆ ಅನುಮಾನ ಪಡಿ, ದುರಸ್ತಿಗೆ ಒಯ್ಯಿರಿ. ಕಂಡರೆ, ಫೋನನ್ನು ಅಂಗೈಯಲ್ಲಿ ಆಕಾಶಕ್ಕೆ ಮುಖಮಾಡಿ ಹಿಡಿದು ಒಂದೆರಡು ನಿಮಿಷ ಕದಲದೆ ನಿಲ್ಲಿ. ಒಮ್ಮೆ ಸ್ಥಳ ಸಿಕ್ಕಿತೆಂದರೆ ಆ ವಿವರ ಫೋನಿನಲ್ಲಿ ಒಂದೆರಡು ಗಂಟೆ ಉಪಯೋಗಕ್ಕೆ ಬರುತ್ತದೆ. ಮುಂದಿನ ತಿರುವಿನಲ್ಲಿ ನಕ್ಷೆ ತೆರೆದಾಗ ಚುಕ್ಕಿ ಕೆಲವೇ ಸೆಕೆಂಡುಗಳಲ್ಲಿ ಕಾಣಿಸುತ್ತದೆ.